ಎರಡು ಮಾಡುಗಳು ಸೇರುವ ಗೆರೆ: ದಿಕ್ಕು ಸಿಕ್ಕಿತು, ಬಿಂದು ಎಲ್ಲಿ?

ಪ್ರಶ್ನೆ: ಸಾರ್, ಹೆಂಚಿನ ಮನೆಯ ಮಾಡನ್ನು ಮೂರು ಆಯಾಮದಲ್ಲಿ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಎರಡು ಇಳಿಜಾರು ಸೇರುವ ಗೆರೆ ಬೇಕು. ಕ್ರಾಸ್ ಪ್ರಾಡಕ್ಟ್ ಮಾಡಿದರೆ ದಿಕ್ಕು ಸಿಗುತ್ತೆ. ಬಿಂದುವಿಗಾಗಿ z = 0 ಇಟ್ಟು ಬಿಡಿಸಿದೆ. ಕೆಲವು ಕಡೆ ಸರಿ ಬರುತ್ತೆ, ಕೆಲವು ಕಡೆ ಸೊನ್ನೆಯಿಂದ ಭಾಗಿಸಿದ ತಪ್ಪು ಬರುತ್ತೆ, ಒಮ್ಮೊಮ್ಮೆ ಲಕ್ಷಗಟ್ಟಲೆ ಮೀಟರ್ ದೂರದ ಬಿಂದು ಕೊಡುತ್ತೆ. ತೆಂಗಿನ ಮರದ ನೆರಳು ಮಾಡಿನ ಮೇಲೆ ಎಲ್ಲಿ ಬೀಳುತ್ತೆ ಅಂತಲೂ ಹುಡುಕುತ್ತಿದ್ದೇನೆ, ಅದೂ ಒಮ್ಮೊಮ್ಮೆ ಗಾಳಿಯಲ್ಲೇ ನಿಲ್ಲುತ್ತೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಸೊನ್ನೆಯಿಂದ ಭಾಗಿಸಿದ ತಪ್ಪು ಬರುವುದು ಬಹುಶಃ ಮಾಡಿನ ನೆತ್ತಿಯ ಗೆರೆಯಲ್ಲಿ, ಅಲ್ವಾ? ನೆತ್ತಿಯ ಗೆರೆ ನೆಲಕ್ಕೆ ಸಮಾನಾಂತರವಾಗಿ, ಒಂದೇ ಎತ್ತರದಲ್ಲಿ ನೇರವಾಗಿ ಹೋಗುತ್ತದೆ. ಅದು ಎಷ್ಟು ದೂರ ಹೋದರೂ z = 0 ಎಂಬ ನೆಲವನ್ನು ಮುಟ್ಟುವುದೇ ಇಲ್ಲ. ಇಲ್ಲದ ಬಿಂದುವನ್ನು ನೀವು ಕೇಳುತ್ತಿದ್ದೀರಿ, ಹಾಗಾಗಿ ಪ್ರೋಗ್ರಾಂ ಕೈಚೆಲ್ಲುತ್ತಿದೆ. ಉಳಿದೆರಡು ತೊಂದರೆಗಳಿಗೆ ಕಾರಣ ಬೇರೆ. ಒಂದು ಮನೆಯನ್ನೇ ಮುಂದಿಟ್ಟುಕೊಂಡು ಮೂರನ್ನೂ ನೋಡೋಣ.

ಮನೆ ಉಡುಪಿಯ ಕಡೆಯದು ಎಂದುಕೊಳ್ಳಿ. x ಪೂರ್ವಕ್ಕೆ, y ಉತ್ತರಕ್ಕೆ, z ಮೇಲಕ್ಕೆ, ಎಲ್ಲ ಮೀಟರಿನಲ್ಲಿ. ಮನೆಯ ಅಗಲ 8 ಮೀಟರ್, ಅಂದರೆ y ಸೊನ್ನೆಯಿಂದ 8ರವರೆಗೆ. ಸೂರಿನ ಎತ್ತರ 3 ಮೀಟರ್. ತೆಂಕಣ ಮಾಡು ಒಂದು ಮೀಟರ್ ಒಳಗೆ ಹೋದರೆ ಅರ್ಧ ಮೀಟರ್ ಏರುತ್ತದೆ. ಹಾಗಾದರೆ ಅದರ ಮೇಲಿನ ಯಾವ ಬಿಂದುವಿಗೂ z = 3 + 0.5y. ಬಡಗಣ ಮಾಡು ಅದರ ಕನ್ನಡಿ ರೂಪ: z = 7 − 0.5y.

ಈ ರೂಪದಲ್ಲಿ ಬಿಟ್ಟರೆ ಮುಂದೆ ಕಷ್ಟ. ಗೋಡೆಯಂಥ ನೆಟ್ಟನೆಯ ಸಮತಲವನ್ನು "z ಇಷ್ಟು" ಎಂದು ಬರೆಯಲು ಬರುವುದಿಲ್ಲ. ಎಲ್ಲ ಸಮತಲವನ್ನೂ n·X = d ಎಂದು ಬರೆಯಿರಿ. n ಎಂದರೆ ಸಮತಲಕ್ಕೆ ನೆಟ್ಟಗೆ ನಿಲ್ಲುವ ನಾರ್ಮಲ್ ವೆಕ್ಟರ್, X ಎಂದರೆ ಬಿಂದು (x, y, z), d ಒಂದು ಸಂಖ್ಯೆ. ನಮ್ಮ ಎರಡು ಮಾಡುಗಳು ಹೀಗಾಗುತ್ತವೆ:

```
ತೆಂಕಣ:  −y + 2z = 6     n1 = (0, −1, 2)   d1 = 6
ಬಡಗಣ:   y + 2z = 14    n2 = (0,  1, 2)   d2 = 14
```

n·X ಅನ್ನು ಆ ಸಮತಲದ ಅಳತೆಪಟ್ಟಿ ಎಂದು ನೋಡಿ. ತೆಂಕಣ ಮಾಡಿನ ಮೇಲೆ ಎಲ್ಲಿ ನಿಂತರೂ ಪಟ್ಟಿ 6 ತೋರಿಸುತ್ತದೆ. ಮಾಡಿನ ಮೇಲುಗಡೆ ಗಾಳಿಯಲ್ಲಿದ್ದರೆ 6ಕ್ಕಿಂತ ಜಾಸ್ತಿ, ಮಾಡಿನ ಅಡಿಯಲ್ಲಿದ್ದರೆ ಕಡಿಮೆ. ಮುಂದಿನ ಎಲ್ಲ ಲೆಕ್ಕವೂ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಮೊದಲು ನೆರಳು. ಮನೆಯ ಮುಂದೆ, ತೆಂಕಣ ಸೂರಿನಿಂದ 5 ಮೀಟರ್ ಆಚೆ ಒಂದು ತೆಂಗಿನ ಮರ ಇದೆ. ತುದಿಯ ಎತ್ತರ 13 ಮೀಟರ್, ಅಂದರೆ ತುದಿ A = (12, −5, 13). ಡಿಸೆಂಬರ್ 21ರ ಆಸುಪಾಸು, ನಡುಹಗಲಿನಲ್ಲಿ, ಉಡುಪಿಯಲ್ಲಿ ಸೂರ್ಯ ತೆಂಕಣ ದಿಕ್ಕಿನಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 3-4-5ರ ತ್ರಿಕೋನದ ಕೋನವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕಿರಣದ ದಿಕ್ಕನ್ನು v = (0, 3, −4) ಎಂದು ಹಿಡಿಯಬಹುದು: 3 ಪಾಲು ಉತ್ತರಕ್ಕೆ ಸಾಗಿದರೆ 4 ಪಾಲು ಕೆಳಕ್ಕೆ.

ಕಿರಣದ ಮೇಲಿನ ಬಿಂದು A + t·v. ಮರದ ತುದಿಯಲ್ಲಿ ತೆಂಕಣ ಮಾಡಿನ ಅಳತೆಪಟ್ಟಿ ಏನು ತೋರಿಸುತ್ತದೆ? −(−5) + 2×13 = 31. ನಮಗೆ ಬೇಕಾದದ್ದು 6. t ಒಂದು ಹೆಚ್ಚಾದಾಗಲೆಲ್ಲ ಪಟ್ಟಿ ಎಷ್ಟು ಬದಲಾಗುತ್ತದೆ? ಅದು n1·v = −3 − 8 = −11. ಒಟ್ಟು 25 ಇಳಿಯಬೇಕು, ಹೆಜ್ಜೆಗೆ 11 ಇಳಿಯುತ್ತದೆ. ಹಾಗಾಗಿ t = 25/11, ಅಂದರೆ ಸುಮಾರು 2.27. ಬಿಂದು (12, 1.82, 3.91). ಪರೀಕ್ಷೆ ಮಾಡಿ: 3 + 0.5×1.82 = 3.91. ಸರಿ ಇದೆ. ಮರದ ತುದಿಯ ನೆರಳು ಸೂರಿನಿಂದ ಸುಮಾರು 1.8 ಮೀಟರ್ ಒಳಗೆ ಬೀಳುತ್ತದೆ. ಅಲ್ಲಿ ಸೋಲಾರ್ ಪ್ಯಾನೆಲ್ ಇಡುವ ಯೋಚನೆ ಇದ್ದರೆ ತಿಳಿದಿರಬೇಕಾದ ವಿಷಯ.

ಸೂತ್ರವಾಗಿ ಬರೆದರೆ t = (d − n·A) / (n·v). ನಿಮಗೆ ಇದು ಗೊತ್ತೇ ಇದೆ. ಆದರೆ ನಿಮ್ಮ ನೆರಳು ಗಾಳಿಯಲ್ಲಿ ನಿಲ್ಲುವುದಕ್ಕೆ ಕಾರಣ ಸೂತ್ರದಲ್ಲಿಲ್ಲ, ಅದರ ನಂತರದ ಹೆಜ್ಜೆಯಲ್ಲಿದೆ. ಇದೇ ಕಿರಣವನ್ನು ಬಡಗಣ ಮಾಡಿನ ಜೊತೆ ಇಟ್ಟು ನೋಡಿ. n2·A = −5 + 26 = 21, n2·v = 3 − 8 = −5. t = (14 − 21)/(−5) = 1.4. ಇದು 2.27ಕ್ಕಿಂತ ಚಿಕ್ಕದು! ಎಲ್ಲ ಮಾಡುಗಳನ್ನೂ ಪರೀಕ್ಷಿಸಿ "ಎಲ್ಲಕ್ಕಿಂತ ಚಿಕ್ಕ t ಯಾವುದೋ ಅದೇ ಮೊದಲ ತಾಗು" ಎಂದು ನೀವು ಬರೆದಿದ್ದರೆ, ಪ್ರೋಗ್ರಾಂ ಇದನ್ನೇ ಆರಿಸುತ್ತದೆ. ಬಿಂದು ಎಲ್ಲಿದೆ ನೋಡಿ: (12, −0.8, 7.4). ಮನೆಯ ಮುಂದೆ, ಸೂರಿನಿಂದ ಹೊರಗೆ, ಏಳು ಮೀಟರಿಗೂ ಮೇಲೆ, ಬರಿಯ ಗಾಳಿಯಲ್ಲಿ.

ಬಡಗಣ ಮಾಡು ನೆತ್ತಿಯಲ್ಲಿ ಮುಗಿಯುತ್ತದೆ. ಅದರ ಸಮತಲ ಮುಗಿಯುವುದಿಲ್ಲ. ನೆತ್ತಿಯನ್ನು ದಾಟಿ, ಅಂಗಳದ ಮೇಲೆ ಏರುತ್ತಲೇ ಹೋಗುತ್ತದೆ. ಸೂತ್ರಕ್ಕೆ ಕಾಣುವುದು ಆ ಕೊನೆಯಿಲ್ಲದ ಹಾಳೆ ಮಾತ್ರ. ಆದ್ದರಿಂದ ಕ್ರಮ ಹೀಗಿರಬೇಕು: ಪ್ರತಿ ಮಾಡಿಗೂ ಬಿಂದು ಹುಡುಕಿ, ಅದು ಆ ಮಾಡಿನ ಎಲ್ಲೆಯ ಒಳಗಿದೆಯೇ ನೋಡಿ, ಇಲ್ಲದಿದ್ದರೆ ಬಿಸಾಡಿ, ಉಳಿದವುಗಳಲ್ಲಿ ಮಾತ್ರ ಚಿಕ್ಕ t ಆರಿಸಿ. ಬಡಗಣ ಮಾಡಿಗೆ y 4ರಿಂದ 8ರ ನಡುವೆ ಇರಬೇಕು. −0.8 ಅಲ್ಲಿಲ್ಲ, ಹೋಯಿತು. ಹಾಗೆಯೇ t ಋಣಸಂಖ್ಯೆ ಬಂದರೆ ಆ ಬಿಂದು ಮರದ ತುದಿಯಿಂದ ಸೂರ್ಯನ ಕಡೆಗಿದೆ, ಅದು ನೆರಳಲ್ಲ. ಅದನ್ನೂ ಬಿಡಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಎರಡು ಸಮತಲ ಸೇರುವ ಗೆರೆ ಎರಡರಲ್ಲೂ ಮಲಗಿರುತ್ತದೆ. ಆದ್ದರಿಂದ ಅದು ಎರಡೂ ನಾರ್ಮಲ್‌ಗಳಿಗೆ ಲಂಬ. ಅಂಥ ದಿಕ್ಕನ್ನು ಕೊಡುವುದು ನಿಮ್ಮ ಕ್ರಾಸ್ ಪ್ರಾಡಕ್ಟ್, u = n1 × n2. ನೆತ್ತಿಗೆ ಇದು (−4, 0, 0). ಗೆರೆ ಪೂರ್ವ-ಪಶ್ಚಿಮವಾಗಿ ಹೋಗುತ್ತದೆ, z ಭಾಗ ಸೊನ್ನೆ. z = 0 ಇಟ್ಟರೆ ಒಂದು ಸಮೀಕರಣ y = −6 ಎನ್ನುತ್ತದೆ, ಇನ್ನೊಂದು y = 14 ಎನ್ನುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ.

ನಿಮ್ಮ ದಾರಿಯನ್ನೇ ಉಳಿಸಿಕೊಳ್ಳಬೇಕಾದರೆ ಒಂದು ಸಣ್ಣ ಬದಲಾವಣೆ ಸಾಕು. ಯಾವಾಗಲೂ z ಅನ್ನು ಸೊನ್ನೆ ಮಾಡಬೇಡಿ. u ನಲ್ಲಿ ಯಾವ ಭಾಗ ಎಲ್ಲಕ್ಕಿಂತ ದೊಡ್ಡದೋ (ಚಿಹ್ನೆ ಬಿಟ್ಟು) ಅದನ್ನು ಸೊನ್ನೆ ಮಾಡಿ. ಗೆರೆ ಆ ದಿಕ್ಕಿನಲ್ಲೇ ಜಾಸ್ತಿ ಸಾಗುತ್ತದೆ, ಹಾಗಾಗಿ ಸೊನ್ನೆಯನ್ನು ದಾಟಿಯೇ ತೀರುತ್ತದೆ. ನೆತ್ತಿಗೆ x = 0 ಇಡಿ: −y + 2z = 6, y + 2z = 14. ಕೂಡಿದರೆ z = 5, ಆಮೇಲೆ y = 4. ಬಿಂದು (0, 4, 5). ಕೈಯಲ್ಲಿ ಬಿಡಿಸುವಾಗ ನಾನು ಹೀಗೇ ಮಾಡುತ್ತೇನೆ.

ಪ್ರೋಗ್ರಾಂಗೆ ಮಾತ್ರ ನನಗೆ ಇನ್ನೊಂದು ದಾರಿ ಇಷ್ಟ. ಅದರಲ್ಲಿ "ಯಾವ ಭಾಗ ದೊಡ್ಡದು" ಎಂಬ ಕವಲುಗಳೇ ಇಲ್ಲ:

```
p = ( d1 (n2 × u) + d2 (u × n1) ) / (u·u)
```

ನೋಡಲು ಬೆದರಿಸುವಂತಿದೆ. ಆದರೆ ಒಳಗೆ ನಡೆಯುವುದು ಸರಳ. n2 × u ಎಂಬ ದಿಕ್ಕು n2ಗೆ ಲಂಬ. ಆ ದಿಕ್ಕಿನಲ್ಲಿ ಎಷ್ಟು ಸರಿದರೂ ಎರಡನೆಯ ಸಮತಲದ ಅಳತೆಪಟ್ಟಿ ಕದಲುವುದಿಲ್ಲ, ಮೊದಲನೆಯದು ಮಾತ್ರ ಕದಲುತ್ತದೆ. u × n1 ಇದಕ್ಕೆ ತಿರುಗುಮುರುಗು: ಅಲ್ಲಿ ಮೊದಲನೆಯದು ಅಲ್ಲಾಡದು, ಎರಡನೆಯದು ಮಾತ್ರ ಬದಲಾಗುತ್ತದೆ. ಎರಡು ನಲ್ಲಿಗಳು, ಒಂದೊಂದಕ್ಕೂ ಅದರದೇ ತೊಟ್ಟಿ ಇದ್ದ ಹಾಗೆ. ಮೂಲಬಿಂದುವಿನಿಂದ ಹೊರಟು ಮೊದಲ ಪಟ್ಟಿಯನ್ನು d1ಕ್ಕೆ, ಎರಡನೆಯದನ್ನು d2ಕ್ಕೆ ತಿರುಗಿಸುತ್ತೀರಿ. ಎರಡೂ ನಲ್ಲಿಗೆ ಒಂದು ಹೆಜ್ಜೆಯಲ್ಲಿ ಆಗುವ ಬದಲಾವಣೆ u·u ಆಗಿರುವುದರಿಂದ ಅದರಿಂದ ಭಾಗಿಸುತ್ತೀರಿ, ಅಷ್ಟೇ. ಎರಡು ದಿಕ್ಕೂ u ಗೆ ಲಂಬವಾಗಿರುವುದರಿಂದ ಸಿಗುವ p, ಗೆರೆಯ ಮೇಲೆ ಮೂಲಬಿಂದುವಿಗೆ ಎಲ್ಲಕ್ಕಿಂತ ಹತ್ತಿರದ ಬಿಂದು.

ಇದನ್ನು ನೆತ್ತಿಗಿಂತ ಕಷ್ಟದ ಜಾಗದಲ್ಲಿ ಪ್ರಯೋಗಿಸೋಣ. ಮನೆಯ ಮುಂದಕ್ಕೆ ಒಂದು ಚಾವಡಿ ಚಾಚಿಕೊಂಡಿದೆ. ಅದರ ನೆತ್ತಿ ತೆಂಕಣ-ಬಡಗಣವಾಗಿ ಹೋಗುತ್ತದೆ. ಅಗಲ 6 ಮೀಟರ್, x 2ರಿಂದ 8ರವರೆಗೆ. ಸೂರು ಇಲ್ಲೂ 3 ಮೀಟರ್ ಎತ್ತರ, ನೆತ್ತಿಯೂ ದೊಡ್ಡ ಮನೆಯಷ್ಟೇ, 5 ಮೀಟರ್. ಹಾಗಾಗಿ ಇದರ ಪಡುವಣ ಮಾಡು 3 ಮೀಟರಿಗೆ 2 ಮೀಟರ್ ಏರಬೇಕು, ದೊಡ್ಡ ಮಾಡಿಗಿಂತ ಕಡಿದು. ಸಮೀಕರಣ −2x + 3z = 5, n3 = (−2, 0, 3). ಈ ಮಾಡೂ ದೊಡ್ಡ ಮನೆಯ ತೆಂಕಣ ಮಾಡೂ ಸೇರುವಲ್ಲಿ ಒಳಮುಖವಾದ ಮೂಲೆ ಆಗುತ್ತದೆ. ಎರಡು ಕಡೆಯ ಮಳೆನೀರೂ ಅಲ್ಲೇ ಕೂಡಿ ಹರಿಯುತ್ತದೆ. ಅದನ್ನು ಕಣಿವೆ ಎನ್ನೋಣ.

u = n1 × n3 = (−3, −4, −2), u·u = 29. ಸೂತ್ರದಲ್ಲಿ n2, d2 ಇದ್ದ ಕಡೆ ಈಗ n3 ಮತ್ತು 5:

```
n3 × u = ( 12, −13, 8)
u × n1 = (−10,   6, 3)
p = (6·(12, −13, 8) + 5·(−10, 6, 3)) / 29
  = (22, −48, 63) / 29 ≈ (0.76, −1.66, 2.17)
```

ಈ ಬಿಂದು ನೋಡಿ ಗಾಬರಿಯಾಗಬೇಡಿ. ಇದು ಸೂರಿಗಿಂತ ಕೆಳಗಿದೆ, ಮನೆಯ ಹೊರಗಿದೆ. ಆದರೆ ಎರಡೂ ಸಮೀಕರಣಕ್ಕೆ ಹಾಕಿದರೆ 6 ಮತ್ತು 5 ಸರಿಯಾಗಿ ಬರುತ್ತವೆ. ಗೆರೆ ಸರಿ, ಆ ಬಿಂದು ಮಾತ್ರ ಗೆರೆಯ ಉಪಯೋಗಕ್ಕೆ ಬರದ ಭಾಗದಲ್ಲಿದೆ. z = 0 ಇಟ್ಟಾಗ ನಿಮಗೆ ಸಿಕ್ಕಿರಬಹುದಾದ ಬಿಂದುವೂ ಹೀಗೇ. ಈ ಮನೆಗೆ ಅದು (−2.5, −6, 0), ಅಂಗಳದ ನೆಲದಲ್ಲಿ. ಅದೂ ತಪ್ಪಲ್ಲ.

ಕಣಿವೆಯ ನಿಜವಾದ ತುದಿಗಳು ಬೇಕಾದರೆ ಗೆರೆಯನ್ನು ಕತ್ತರಿಸಬೇಕು. ಅದಕ್ಕೆ ಮೇಲಿನ ನೆರಳಿನ ಲೆಕ್ಕವೇ ಸಾಕು. u ನ ಚಿಹ್ನೆ ತಿರುಗಿಸಿ ಮೇಲ್ಮುಖವಾಗಿ (3, 4, 2) ಎಂದು ಇಟ್ಟುಕೊಳ್ಳಿ. ಸೂರಿನ ಮಟ್ಟ z = 3 ಎಂಬುದೂ ಒಂದು ಸಮತಲ. ಗೆರೆ ಅದನ್ನು ದಾಟುವಲ್ಲಿ t = (3 − 63/29)/2 = 12/29, ಬಿಂದು (2, 0, 3): ಚಾವಡಿಯ ಸೂರು ಮನೆಯ ಸೂರಿಗೆ ತಾಗುವ ಮೂಲೆ. ನೆತ್ತಿಯ ಮಟ್ಟ z = 5ಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂದೆ: (5, 4, 5). ಎರಡು ನೆತ್ತಿಗಳೂ ಕೂಡುವ ಜಾಗ ಅದೇ. ಕಣಿವೆಯ ಉದ್ದ √29, ಅಂದರೆ ಸುಮಾರು 5.39 ಮೀಟರ್. ಅಲ್ಲಿ ಇಡುವ ತಗಡಿಗೂ ಅದರಡಿಯ ಮರಕ್ಕೂ ಬೇಕಾದ ಅಳತೆ ಇದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ u ವೆಕ್ಟರ್ ಇನ್ನೂ ಎರಡು ಮಾತು ಹೇಳುತ್ತಿದೆ. ಮೇಲಿನಿಂದ ನೋಡಿದರೆ ಕಣಿವೆ 3 ಮೀಟರ್ ಪೂರ್ವಕ್ಕೆ, 4 ಮೀಟರ್ ಉತ್ತರಕ್ಕೆ ಹೋಗುತ್ತದೆ. 45 ಡಿಗ್ರಿ ಅಲ್ಲ, ಸೂರಿನ ಗೆರೆಯಿಂದ 53 ಡಿಗ್ರಿ. ಸಮಕೋನದಲ್ಲಿ ಸೇರುವ ಎರಡು ಮಾಡುಗಳ ಇಳಿಜಾರು ಒಂದೇ ಆಗಿದ್ದರೆ ಮಾತ್ರ 45 ಬರುತ್ತದೆ. ಕಣ್ಣಂದಾಜಿನಲ್ಲಿ 45 ಎಂದು ಹಿಡಿದು ಹೆಂಚು, ತಗಡು ಕತ್ತರಿಸಿದರೆ ಮೇಲೆ ಹೋದಂತೆ ಸಂದು ಅಗಲವಾಗುತ್ತಾ ಹೋಗುತ್ತದೆ. ಎರಡನೆಯದು, ಕಣಿವೆ ನೆಲದ ಮೇಲೆ 5 ಮೀಟರ್ ಸಾಗುವಷ್ಟರಲ್ಲಿ 2 ಮೀಟರ್ ಮಾತ್ರ ಏರುತ್ತದೆ. ಅದರ ಇಳಿಜಾರು 0.4. ಎರಡು ಮಾಡುಗಳ ಇಳಿಜಾರು 0.5 ಮತ್ತು 0.67. ಕಣಿವೆ ಎರಡಕ್ಕಿಂತಲೂ ಚಪ್ಪಟೆ. ಒಂದು ಸಮತಲದ ಮೇಲೆ ಅತಿ ಕಡಿದಾದ ದಾರಿ ಒಂದೇ ಇರುವುದು, ಓರೆಯಾಗಿ ಹೋದರೆ ಇಳಿಜಾರು ಕಡಿಮೆಯೇ. ಎರಡು ಮಾಡಿನ ನೀರು ಬಂದು ಸೇರುವ ಜಾಗದಲ್ಲೇ ಹರಿವು ನಿಧಾನ. ಕರಾವಳಿಯ ಮಳೆಯಲ್ಲಿ ಸೋರುವುದು ಹೆಚ್ಚಾಗಿ ಅಲ್ಲೇ ಏಕೆ ಎಂಬುದಕ್ಕೆ ಇದು ಒಂದು ಕಾರಣ. ನಿಮ್ಮ ಪ್ರೋಗ್ರಾಂ ಕಣಿವೆಯ ಇಳಿಜಾರನ್ನೂ ತೋರಿಸುವಂತೆ ಮಾಡಿ. ಕೆಲಸದವರಿಗೆ ಅದು ನಿಜವಾಗಿ ಬೇಕಾದ ಸಂಖ್ಯೆ.

ಇನ್ನು ಲಕ್ಷಗಟ್ಟಲೆ ಮೀಟರಿನ ವಿಷಯ. ನಿಮ್ಮಲ್ಲಿ ಎರಡು ಸಮತಲ ಹೆಚ್ಚುಕಡಿಮೆ ಸಮಾನಾಂತರವಾಗಿವೆ ಎಂದು ಅನುಮಾನ. ಉದಾಹರಣೆಗೆ, ಆಮೇಲೆ ಕಟ್ಟಿದ ಕೋಣೆಯ ಮಾಡು ಹಳೆಯದರ ಪಕ್ಕದಲ್ಲೇ, ಅದೇ ಇಳಿಜಾರಿನಲ್ಲಿ ಇರುತ್ತದೆ. ಹಳೆಯದು z = 3 + 0.5y. ಹೊಸದು 2 ಸೆಂಟಿಮೀಟರ್ ಮೇಲಿದೆ, ಅಳೆದಾಗ ಇಳಿಜಾರು 0.501 ಬಂತು. z = 3.02 + 0.501y. ಇವೆರಡು ಸೇರುವುದು y = −20ರಲ್ಲಿ, ಮನೆಯಿಂದ 20 ಮೀಟರ್ ಆಚೆ. ಇಳಿಜಾರು 0.5001 ಬಂದಿದ್ದರೆ 200 ಮೀಟರ್. ವ್ಯತ್ಯಾಸ ಎಂಟನೆಯ ದಶಮಾಂಶದಲ್ಲಿದ್ದರೆ 20 ಲಕ್ಷ ಮೀಟರ್. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಆ ಉತ್ತರವನ್ನು ಕೊಟ್ಟದ್ದು ಮನೆಯಲ್ಲ, ನಿಮ್ಮ ಟೇಪಿನ ತಪ್ಪು ಮತ್ತು ದಶಮಾಂಶದ ಕೊನೆಯ ಅಂಕಿಗಳು.

`if u == 0` ಎಂದು ಪರೀಕ್ಷಿಸುವುದರಿಂದ ಇದು ಸಿಕ್ಕಿಬೀಳುವುದಿಲ್ಲ, ಏಕೆಂದರೆ u ನಿಖರವಾಗಿ ಸೊನ್ನೆ ಆಗುವುದು ಅಪರೂಪ. "u ತುಂಬ ಚಿಕ್ಕದೇ" ಎಂದಷ್ಟೇ ಕೇಳಿದರೂ ಸಾಲದು. ಸಮೀಕರಣವನ್ನು ಸಾವಿರದಿಂದ ಗುಣಿಸಿದರೆ ಸಮತಲ ಅದೇ ಇರುತ್ತದೆ, ಆದರೆ u ಸಾವಿರಪಟ್ಟು ದೊಡ್ಡದಾಗುತ್ತದೆ. ಕೇಳಬೇಕಾದದ್ದು ಕೋನವನ್ನು. |u| ಅನ್ನು ಎರಡು ನಾರ್ಮಲ್‌ಗಳ ಉದ್ದದಿಂದ ಭಾಗಿಸಿದರೆ ಸಮತಲಗಳ ನಡುವಿನ ಕೋನದ ಸೈನ್ ಸಿಗುತ್ತದೆ. ಗೆರೆ ಮತ್ತು ಸಮತಲದ ಲೆಕ್ಕದಲ್ಲೂ ಹಾಗೆಯೇ: n·v ಅನ್ನು ಎರಡರ ಉದ್ದದಿಂದ ಭಾಗಿಸಿದರೆ ಗೆರೆ ಮತ್ತು ಸಮತಲದ ನಡುವಿನ ಕೋನದ ಸೈನ್.

```python
import numpy as np

def gere_tala(A, v, n, d, eps=1e-3):
    nv = n @ v
    if abs(nv) <= eps * np.linalg.norm(n) * np.linalg.norm(v):
        return None
    t = (d - n @ A) / nv
    return t, A + t * v

def tala_tala(n1, d1, n2, d2, eps=1e-3):
    u = np.cross(n1, n2)
    uu = u @ u
    if uu <= eps**2 * (n1 @ n1) * (n2 @ n2):
        return None
    p = (d1 * np.cross(n2, u) + d2 * np.cross(u, n1)) / uu
    return p, u
```

eps ಎಷ್ಟಿರಬೇಕು? ಪುಸ್ತಕದ ಉದಾಹರಣೆಗಳಲ್ಲಿ 1e-12ರಂಥ ಸಂಖ್ಯೆ ಕಾಣುತ್ತೀರಿ. ಅದು ಕಂಪ್ಯೂಟರಿನ ನಿಖರತೆಗೆ ತಕ್ಕದ್ದು, ನಿಮ್ಮ ಅಳತೆಗೆ ತಕ್ಕದ್ದಲ್ಲ. 4 ಮೀಟರ್ ಪಕ್ಕಾಸಿನ ತುದಿಯ ಎತ್ತರದಲ್ಲಿ 5 ಮಿಲಿಮೀಟರ್ ತಪ್ಪಿದರೂ ಇಳಿಜಾರು ಒಂದು ಸಾವಿರಾಂಶದಷ್ಟು ಬದಲಾಗುತ್ತದೆ. ಅದಕ್ಕಿಂತ ಚಿಕ್ಕ ಕೋನವನ್ನು ನಿಮ್ಮ ಅಳತೆ ಗುರುತಿಸಲಾರದು. ಹಾಗಾಗಿ ಇಲ್ಲಿ 1e-3 ಇಟ್ಟಿದ್ದೇನೆ. ಗೆರೆಯೊಂದು ಸಮತಲವನ್ನು 0.1 ಡಿಗ್ರಿ ಕೋನದಲ್ಲಿ ಸವರಿಕೊಂಡು ಹೋದರೆ, ಸಮತಲದ ಜಾಗದಲ್ಲಿ ಒಂದು ಮಿಲಿಮೀಟರ್ ತಪ್ಪು ತಾಗುವ ಬಿಂದುವನ್ನು ಅರ್ಧ ಮೀಟರಿಗಿಂತ ಜಾಸ್ತಿ ಸರಿಸುತ್ತದೆ.

ಫಂಕ್ಷನ್ `None` ಕೊಟ್ಟಾಗ ಕೆಲಸ ಮುಗಿಯಲಿಲ್ಲ. ಎರಡು ಮಾಡೂ ಒಂದೇ ಹಾಳೆಯೋ, ಮೇಲೆಕೆಳಗಿರುವ ಎರಡು ಹಾಳೆಯೋ ಎಂದು ನೋಡಬೇಕು. ಒಂದು ಮಾಡಿನ ಮೂಲೆಯ ಬಿಂದು Q ತೆಗೆದುಕೊಂಡು (n·Q − d)/|n| ಎಂದು ಇನ್ನೊಂದು ಸಮತಲಕ್ಕೆ ಲೆಕ್ಕ ಹಾಕಿ. ಅದು ನೇರವಾಗಿ ಮೀಟರಿನಲ್ಲಿ ಬರುವ ಅಂತರ. ಕೆಲವು ಮಿಲಿಮೀಟರ್ ಇದ್ದರೆ ಒಂದೇ ಮಾಡು ಎಂದು ಹೊಂದಿಸಿ. ನಮ್ಮ ಹೊಸ ಕೋಣೆಯ ಹಾಗೆ ಸುಮಾರು 2 ಸೆಂಟಿಮೀಟರ್ ಬಂದರೆ ಅಲ್ಲಿ ನಿಜವಾಗಿಯೂ ಒಂದು ಮೆಟ್ಟಿಲಿದೆ. ಅಲ್ಲಿ ಸೇರುವ ಗೆರೆಯನ್ನು ಹುಡುಕಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಯ ಮೂಲೆಗಳನ್ನು ಸರ್ವೆ ನಕ್ಷೆಯಿಂದ, ಭೂಮಿಯ ಮೇಲಿನ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಯುಟಿಎಂ ನಿರ್ದೇಶಾಂಕದಲ್ಲಿ ತೆಗೆದುಕೊಂಡಿದ್ದೀರಾ? ಉಡುಪಿಯ ಸುತ್ತ ಉತ್ತರದ ಸಂಖ್ಯೆ 14 ಲಕ್ಷ ಮೀಟರ್ ದಾಟುತ್ತದೆ, ಏಕೆಂದರೆ ಅದು ಭೂಮಧ್ಯರೇಖೆಯಿಂದ ಎಣಿಕೆ. ನಮ್ಮ ಸೂತ್ರ ಮೂಲಬಿಂದುವಿಗೆ ಹತ್ತಿರದ ಬಿಂದುವನ್ನು ಕೊಡುತ್ತದೆ ಎಂದೆನಲ್ಲ, ಆಗ ಅದು ಮನೆಯಿಂದ ನೂರಾರು ಕಿಲೋಮೀಟರ್ ದೂರ ಹೋಗಿ ಕೂರಬಹುದು. ಅಲ್ಲಿಂದ ಮನೆಗೆ ಮರಳುವಷ್ಟರಲ್ಲಿ ದಿಕ್ಕಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸಂಖ್ಯೆಗಳು 32 ಬಿಟ್‌ನ ಫ್ಲೋಟ್ ಆಗಿದ್ದರಂತೂ 14 ಲಕ್ಷದ ಹತ್ತಿರ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ನಡುವೆ ಹನ್ನೆರಡೂವರೆ ಸೆಂಟಿಮೀಟರ್ ಅಂತರ. ಮೂಲೆಗಳನ್ನು 64 ಬಿಟ್‌ನಲ್ಲಿ ಓದಿ. ಸಮತಲಗಳನ್ನು ಕಟ್ಟುವ ಮೊದಲೇ ಮನೆಯ ಒಂದು ಮೂಲೆಯನ್ನು ಎಲ್ಲ ಬಿಂದುಗಳಿಂದ ಕಳೆಯಿರಿ. ಲೆಕ್ಕವೆಲ್ಲ ಆದ ಮೇಲೆ ಅದನ್ನು ಮತ್ತೆ ಕೂಡಿಸಿ. n ಮತ್ತು d ಮಾಡಿಕೊಂಡ ಮೇಲೆ ಕಳೆಯಲು ಹೋದರೆ ಆಗಲೇ ಅಂಕಿಗಳು ಕಳೆದುಹೋಗಿರುತ್ತವೆ.